ಎರಡು ಆಂಪ್, ಮೂರು ಸದ್ದು: ರಾಯಚೂರಿನ ಒಂದು ಗಿಟಾರ್ ಸೆಟಪ್‌ನ ದುರಸ್ತಿ ದಿನಚರಿ

ಸೆಟಪ್

ರಾಯಚೂರಿನ ಮನೆಯೊಂದರ ಮಹಡಿ ಕೋಣೆ. ಸಿಂಗಲ್ ಕಾಯಿಲ್ ಪಿಕಪ್‌ನ ಗಿಟಾರ್, ಅದರ ಮುಂದೆ ದುರ್ಬಲ ಸಿಗ್ನಲ್‌ಗೆ ಬಲ ಕೊಡುವ ಬಫರ್ ಇರುವ ಟ್ಯೂನರ್, ಓವರ್‌ಡ್ರೈವ್, ಡಿಸ್ಟಾರ್ಷನ್, ಕೊನೆಗೆ ಸ್ಟೀರಿಯೋ ಡಿಜಿಟಲ್ ಡಿಲೇ. ಡಿಲೇಯ ಒಂದು ಔಟ್‌ಪುಟ್ ಬಾಗಿಲ ಬದಿಯ ಆಂಪ್‌ಗೆ, ಇನ್ನೊಂದು ಎದುರು ಗೋಡೆಯ ಆಂಪ್‌ಗೆ ಹೋಗುತ್ತದೆ. ನಾಲ್ಕೂ ಪೆಡಲ್‌ಗೆ 9 ವೋಲ್ಟ್‌ನ ಒಂದೇ ಅಡಾಪ್ಟರ್, ಅದರಿಂದ ಸರಪಳಿಯಂಥ ಕೇಬಲ್. ತಂತಿ ಮುಟ್ಟದೆ ಸುಮ್ಮನೆ ಕೂತರೂ ಗುಂಯ್ ಎನ್ನುತ್ತದೆ. ಡಿಸ್ಟಾರ್ಷನ್ ಒತ್ತಿದರೆ ಕಿವಿ ಮುಚ್ಚಿಕೊಳ್ಳಬೇಕು.

ಮೊದಲ ಸಂಜೆ

ಏನನ್ನೂ ಬದಲಿಸದೆ ಕೇಳಿದ್ದಷ್ಟೇ ಈ ದಿನದ ಕೆಲಸ. ಎಲ್ಲ ಕೇಬಲ್ ಕಿತ್ತು ಎರಡೂ ಆಂಪ್ ಬರಿದಾಗಿ ಆನ್ ಮಾಡಿದಾಗ ಎರಡೂ ಶಾಂತ. ಆಂಪ್ ಒಳಗಿನ ಫಿಲ್ಟರ್ ಕೆಪಾಸಿಟರ್ ಹಳತಾಗಿದ್ದರೆ ಇಲ್ಲಿಯೇ 100 ಹರ್ಟ್ಸ್‌ನ ಸದ್ದು ಕೇಳುತ್ತಿತ್ತು. ಹಾಗಾಗಿ ಆಂಪ್‌ಗಳನ್ನು ಬಿಚ್ಚುವ ಅಗತ್ಯವಿಲ್ಲ.

ಸದ್ದಿನ ಶ್ರುತಿ ಗುರುತಿಸಲು ಗಿಟಾರೇ ಸಾಕು. ಆರನೇ ತಂತಿಯ ಮೂರನೇ ಫ್ರೆಟ್‌ನ ಜಿ 98 ಹರ್ಟ್ಸ್. ಗುಂಯ್ ಅದಕ್ಕಿಂತ ಕೂದಲೆಳೆಯಷ್ಟು ಮೇಲಿದ್ದರೆ 100. ಅದರ ಕೆಳಗಿನ ಸಪ್ತಕದಲ್ಲಿದ್ದರೆ ನಮ್ಮ ಲೈನ್ ಕರೆಂಟಿನ 50.

ಮತ್ತೆ ಎಲ್ಲವನ್ನೂ ಜೋಡಿಸಿ ಕೇಳಿದಾಗ ಮೂರು ಸದ್ದು ಬೇರೆ ಬೇರೆಯಾಗಿ ಸಿಕ್ಕವು: ತಳದಲ್ಲಿ 50 ಹರ್ಟ್ಸ್‌ನ ಗುಂಯ್, ಅದರ ಮೇಲೆ ಝರ್ರ್ ಎನ್ನುವ ಹರಿತ ಸದ್ದು, ಎಲ್ಲಕ್ಕೂ ಮೇಲೆ ಸಣ್ಣಗೆ ಕೀಂ. ಮೂರೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು. ಬಹಳ ಜನ ಸೋಲುವುದು ಇಲ್ಲಿಯೇ. ಸಮಬಲದ ಮೂರು ಸದ್ದಿನಲ್ಲಿ ಒಂದನ್ನು ಪೂರ್ತಿ ತೆಗೆದರೂ ಒಟ್ಟು ಮಟ್ಟ ಇಳಿಯುವುದು ಎರಡು ಡೆಸಿಬೆಲ್‌ಗಿಂತ ಕಡಿಮೆ. ಕಿವಿಗೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ‘ಇದು ಕಾರಣವಲ್ಲ’ ಎಂದು ಸರಿಯಾದ ಪರಿಹಾರವನ್ನೇ ಕಿತ್ತು ಹಾಕಿ ಮುಂದೆ ಹೋಗುತ್ತಾರೆ. ಒಟ್ಟು ಗದ್ದಲ ಎಷ್ಟು ಇಳಿಯಿತು ಎಂದು ನೋಡದೆ, ಒಂದೊಂದು ಸದ್ದನ್ನೇ ಹಿಡಿದು ಅದು ಇದೆಯೋ ಹೋಯಿತೋ ಎಂದು ಕೇಳಬೇಕು.

ಇನ್ನೊಂದು ಪರೀಕ್ಷೆ ಅರ್ಧ ಕೆಲಸ ಮುಗಿಸಿತು. ಡಿಸ್ಟಾರ್ಷನ್ ಒತ್ತಿದಾಗ ಝರ್ರ್ ಮತ್ತು ಕೀಂ ಏರಿದವು, ಗುಂಯ್ ಇದ್ದಲ್ಲೇ ಇತ್ತು. ಅಂದರೆ ಮೊದಲೆರಡು ಡಿಸ್ಟಾರ್ಷನ್‌ಗೆ ಮುಂಚೆಯೋ ಅದರಲ್ಲಿಯೋ ಸೇರುತ್ತಿವೆ. ಗುಂಯ್ ಅದರ ನಂತರ ಸೇರುತ್ತಿದೆ.

ಎರಡನೇ ಸಂಜೆ: ಝರ್ರ್

ಗಿಟಾರಿನ ವಾಲ್ಯೂಮ್ ಸೊನ್ನೆಗೆ ತಂದಾಗ ಝರ್ರ್ ನಿಂತಿತು, ಹಾಗಾಗಿ ಅದು ಗಿಟಾರಿನ ಮೂಲಕವೇ ಬರುತ್ತಿದೆ. ಕೂತಲ್ಲೇ ತಿರುಗಿದರೆ ಹೆಚ್ಚುಕಡಿಮೆಯಾಯಿತು. ಫ್ಯಾನಿನ ರೆಗ್ಯುಲೇಟರ್ ನಡುವಿನ ವೇಗದಲ್ಲಿ ಇದ್ದಾಗ ಹೆಚ್ಚು, ಪೂರ್ತಿ ತಿರುಗಿಸಿದಾಗ ಮಾಯ. ಇಲ್ಲಿದ್ದದ್ದು ಮೆಟ್ಟಿಲಿಲ್ಲದೆ ನಯವಾಗಿ ತಿರುಗುವ ರೆಗ್ಯುಲೇಟರ್. ಅದರೊಳಗಿನ ಟ್ರಯಾಕ್ ಪ್ರತಿ ಅರ್ಧ ಅಲೆಯನ್ನೂ ಮಧ್ಯದಲ್ಲಿ ಕತ್ತರಿಸುತ್ತದೆ, ಆ ಕಡಿತದ ಚೂಪು ಪಿಕಪ್‌ಗೆ ಕೇಳುತ್ತದೆ. ರಾಯಚೂರಿನ ಏಪ್ರಿಲ್‌ನಲ್ಲಿ ಫ್ಯಾನ್ ಆರಿಸಿ ನುಡಿಸಿ ಎನ್ನುವುದು ಪರಿಹಾರವಲ್ಲ. ಕೆಪಾಸಿಟರ್ ಬಳಸುವ, ಟಕ್‌ಟಕ್ ಎಂದು ಹೆಜ್ಜೆ ಹೆಜ್ಜೆಯಾಗಿ ತಿರುಗುವ ರೆಗ್ಯುಲೇಟರ್ ಹಾಕಿಸಿದ ಮೇಲೆ ಝರ್ರ್ ಹೋಯಿತು.

ಮೂರನೇ ಸಂಜೆ: ಕೀಂ

ಓವರ್‌ಡ್ರೈವ್ ಮತ್ತು ಡಿಸ್ಟಾರ್ಷನ್‌ಗೆ ಸರಪಳಿ ಕೇಬಲ್ ತೆಗೆದು 9 ವೋಲ್ಟ್ ಬ್ಯಾಟರಿ ಹಾಕಿದ ತಕ್ಷಣ ಕೀಂ ಮಾಯ. ಡಿಲೇಯೊಳಗಿನ ಡಿಜಿಟಲ್ ಚಿಪ್ ಕರೆಂಟನ್ನು ಗುಟುಕು ಗುಟುಕಾಗಿ ಎಳೆಯುತ್ತದೆ. ಆ ಕರೆಂಟ್ ಅಡಾಪ್ಟರಿನ ಮೈನಸ್ ತಂತಿಯಲ್ಲಿ ಮಾತ್ರ ಹಿಂತಿರುಗುವುದಿಲ್ಲ, ಪೆಡಲ್‌ಗಳ ನಡುವಿನ ಸಣ್ಣ ಕೇಬಲ್‌ಗಳ ಹೊರಜಾಲರಿಯಲ್ಲೂ ಹರಿಯುತ್ತದೆ. ಅಲ್ಲಿ ಹುಟ್ಟುವ ಅತಿ ಸಣ್ಣ ವೋಲ್ಟೇಜ್ ಸಿಗ್ನಲ್‌ಗೆ ಸೇರಿ ಡಿಸ್ಟಾರ್ಷನ್‌ನಲ್ಲಿ ಹಿಗ್ಗುತ್ತದೆ. ದುಬಾರಿ ಪವರ್ ಸಪ್ಲೈ ಬೇಕಾಗಲಿಲ್ಲ. ಡಿಲೇಗೆ ಮಾತ್ರ ಬೇರೆ ಅಡಾಪ್ಟರ್ ಕೊಟ್ಟು, ಉಳಿದ ಮೂರನ್ನು ಹಳೆಯದರಲ್ಲೇ ಬಿಟ್ಟದ್ದು ಸಾಕಾಯಿತು. ಹೊಸ ಅಡಾಪ್ಟರ್ ಕೊಳ್ಳುವಾಗ ಪಿನ್‌ನ ನಡುಭಾಗ ಮೈನಸ್ಸೇ ಎಂದು, ಡಿಲೇ ಕೇಳುವಷ್ಟು ಮಿಲಿಆಂಪ್ ಕೊಡುತ್ತದೆಯೇ ಎಂದು ನೋಡಿಕೊಳ್ಳಬೇಕು.

ನಾಲ್ಕನೇ ಸಂಜೆ: ಗುಂಯ್

ಈಗ ಉಳಿದದ್ದು ಒಂದೇ, ಹಾಗಾಗಿ ಸ್ಪಷ್ಟವಾಗಿ ಕೇಳುತ್ತಿದೆ. ಯಾವುದಾದರೂ ಒಂದು ಆಂಪ್‌ನ ಸಿಗ್ನಲ್ ಕೇಬಲ್ ಕಿತ್ತರೆ ಇನ್ನೊಂದು ಶಾಂತ. ಎರಡೂ ಸೇರಿದರೆ ಮಾತ್ರ ಗುಂಯ್. ಇದು ಗ್ರೌಂಡ್ ಲೂಪ್‌ನ ಲಕ್ಷಣ: ಎರಡು ಆಂಪ್‌ನ ಅರ್ಥ್ ಗೋಡೆಯ ಸಾಕೆಟ್ ಕಡೆಯಿಂದಲೂ ಸಿಗ್ನಲ್ ಕೇಬಲ್ ಕಡೆಯಿಂದಲೂ ಸೇರಿ ಒಂದು ಸುತ್ತಾಗುತ್ತದೆ.

ಎರಡೂ ಸಿಗ್ನಲ್ ಕೇಬಲ್ ಕಿತ್ತು, ಆಂಪ್ ಎರಡೂ ಆನ್ ಇರುವಾಗ, ಅವುಗಳ ಇನ್‌ಪುಟ್ ಜ್ಯಾಕ್‌ನ ಲೋಹದ ಕೊರಳುಗಳ ನಡುವೆ ಮಲ್ಟಿಮೀಟರ್ ಎಸಿ ವೋಲ್ಟ್‌ನಲ್ಲಿಟ್ಟಾಗ 0.7 ತೋರಿಸಿತು. ಬಾಗಿಲ ಬದಿಯ ಸಾಕೆಟ್ ಮನೆಯ ಹಳೆಯ ಅರ್ಥಿಂಗ್ ಗುಂಡಿಗೆ ಸೇರಿದೆ. ಎದುರು ಗೋಡೆಯದು ಏರ್ ಕಂಡೀಷನರ್‌ಗೆಂದು ನಂತರ ಎಳೆದ ಲೈನ್, ಅದಕ್ಕೆ ಬೇರೆಯದೇ ಗುಂಡಿ. ಎರಡು ಗುಂಡಿಯ ನಡುವಿನ ವ್ಯತ್ಯಾಸ ಡಿಲೇಯ ಎರಡು ಕೇಬಲ್‌ಗಳ ಜಾಲರಿ ಮೂಲಕ ಹರಿಯುತ್ತದೆ. ಗಿಟಾರ್ ಸಿಗ್ನಲ್ ಸುಮಾರು 100 ಮಿಲಿವೋಲ್ಟ್ ಎಂದಿಟ್ಟುಕೊಂಡರೆ, ಜಾಲರಿಯಲ್ಲಿ 1 ಮಿಲಿವೋಲ್ಟ್ ಬಿದ್ದರೂ ಗುಂಯ್ ಬರೀ 40 ಡೆಸಿಬೆಲ್ ಕೆಳಗಿರುತ್ತದೆ. ಹಾಡಿನ ನಡುವಿನ ಮೌನದಲ್ಲಿ ಅದು ಚೆನ್ನಾಗಿಯೇ ಕೇಳುತ್ತದೆ.

ಬೇಸಿಗೆಯಲ್ಲಿ ಎರೆಮಣ್ಣು ಒಣಗಿ ಬಿರಿದಾಗ ಗುಂಡಿಗೆ ನೀರು ಹಾಕಿ ಎನ್ನುವ ಸಲಹೆ ಬರುತ್ತದೆ. ಶಾಕ್ ತಪ್ಪಿಸಲು ಅದು ಸರಿಯಾದ ಮಾತು, ಹಾಕಲೇಬೇಕು. ಆದರೆ ಗುಂಡಿ ಎರಡಾಗಿಯೇ ಇರುವ ತನಕ ಲೂಪ್ ಹೋಗುವುದಿಲ್ಲ. ಆ ಎರಡನ್ನೂ ದಪ್ಪ ತಂತಿಯಿಂದ ಬೆಸೆಯುವುದು ಎಲೆಕ್ಟ್ರಿಷಿಯನ್ ಮಾಡಬೇಕಾದ ಕೆಲಸ. ಪ್ಲಗ್ಗಿನ ದಪ್ಪ ಪಿನ್ ಕಿತ್ತು ಅಥವಾ ಎರಡು ಪಿನ್‌ನ ಅಡಾಪ್ಟರ್ ಸಿಕ್ಕಿಸಿ ಗುಂಯ್ ನಿಲ್ಲಿಸುವವರಿದ್ದಾರೆ. ಅದನ್ನು ಯಾವ ಕಾರಣಕ್ಕೂ ಮಾಡಬಾರದು. ಆ ಆಂಪ್‌ನಲ್ಲಿ ಇನ್ಸುಲೇಷನ್ ಕೆಟ್ಟ ದಿನ 230 ವೋಲ್ಟ್ ಗಿಟಾರಿನ ತಂತಿಗೆ ಬರುತ್ತದೆ, ಕೈ ಅಲ್ಲೇ ಇರುತ್ತದೆ.

ಸದ್ಯಕ್ಕೆ ಎರಡೂ ಆಂಪ್ ಒಂದೇ ಸ್ಪೈಕ್ ಬೋರ್ಡಿಗೆ. 0.7 ವೋಲ್ಟ್ ಇದ್ದದ್ದು 4 ಮಿಲಿವೋಲ್ಟ್‌ಗೆ ಇಳಿಯಿತು. ಗುಂಯ್ ಬಹಳ ತಗ್ಗಿತು, ಪೂರ್ತಿ ಹೋಗಲಿಲ್ಲ: ಕೇಬಲ್‌ಗಳು ಕೋಣೆಯನ್ನೇ ಸುತ್ತುವ ಉಂಗುರದಂತಿವೆ, ಟ್ರಾನ್ಸ್‌ಫಾರ್ಮರ್‌ಗಳ ಕಾಂತಕ್ಷೇತ್ರ ಆ ಉಂಗುರದಲ್ಲಿ ಕರೆಂಟ್ ಹುಟ್ಟಿಸುತ್ತದೆ. ಪ್ರತಿ ಆಂಪ್‌ನ ಪವರ್ ಕೇಬಲ್ ಮತ್ತು ಸಿಗ್ನಲ್ ಕೇಬಲ್ ಒಂದೇ ದಾರಿಯಲ್ಲಿ ಹಾಯುವಂತೆ ಮಾಡಿದಾಗ ಇನ್ನಷ್ಟು ಇಳಿಯಿತು.

ಐದನೇ ಸಂಜೆ: ಡಬ್ಬಿ

ಎದುರು ಗೋಡೆಯ ಆಂಪ್‌ನ ದಾರಿಯಲ್ಲಿ 10 ಕಿಲೋಓಮ್‌ಗೆ 10 ಕಿಲೋಓಮ್‌ನ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಟ್ಟದ್ದು. ಅದು ಸಿಗ್ನಲನ್ನು ದಾಟಿಸುತ್ತದೆ, ಎರಡು ಬದಿಯ ಗ್ರೌಂಡನ್ನು ಬೇರೆ ಬೇರೆ ಇಡುತ್ತದೆ. ಅಲ್ಯುಮಿನಿಯಂ ಡಬ್ಬಿ, ಎರಡು ಜ್ಯಾಕ್, ನಾಲ್ಕು ಬೆಸುಗೆ. ಮೊದಲ ಬಾರಿಗೆ ಏನೂ ಬದಲಾಗಲಿಲ್ಲ. ಕಾರಣ, ಎರಡೂ ಜ್ಯಾಕ್ ಲೋಹದವು, ಡಬ್ಬಿಯೇ ಅವುಗಳ ಗ್ರೌಂಡನ್ನು ಮತ್ತೆ ಜೋಡಿಸಿತ್ತು. ಔಟ್‌ಪುಟ್ ಬದಿಗೆ ಪ್ಲಾಸ್ಟಿಕ್ ಮೈಯ ಜ್ಯಾಕ್ ಹಾಕಿ, ಎರಡು ಕೊರಳುಗಳ ನಡುವೆ ಮೀಟರ್ ಬೀಪ್ ಮಾಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಗುಂಯ್ ಮಾಯ.

ಆದರೆ ಎರಡೂ ಆಂಪ್ ಒಟ್ಟಿಗೆ ನುಡಿದಾಗ ತಳದ ಸ್ವರಗಳು ತೆಳುವಾದವು. ಡಬ್ಬಿ ಸಿಗ್ನಲನ್ನು ತಲೆಕೆಳಗು ಮಾಡಿತ್ತು, ಎರಡು ಸ್ಪೀಕರ್ ಒಂದನ್ನೊಂದು ಅಳಿಸುತ್ತಿದ್ದವು. ಒಂದು ಸುರುಳಿಯ ಎರಡು ತಂತಿ ಅದಲುಬದಲು ಮಾಡಿದಾಗ ಸರಿಯಾಯಿತು.

ಈ ಡಬ್ಬಿ ಬಫರ್ ಆದ ನಂತರವೇ ಕೂರಬೇಕು. ಇಲ್ಲಿ ಟ್ಯೂನರ್ ಸದಾ ಬಫರ್ ಕೊಡುವುದರಿಂದ ಡಿಲೇ ಆಫ್ ಇದ್ದರೂ ತೊಂದರೆಯಿಲ್ಲ. ಎಲ್ಲ ಪೆಡಲ್ ಆಫ್ ಇದ್ದಾಗ ಸಿಗ್ನಲನ್ನು ಹಾಗೆಯೇ ದಾಟಿಸುವ ಟ್ರೂ ಬೈಪಾಸ್ ಆಗಿದ್ದರೆ ಪಿಕಪ್ ನೇರವಾಗಿ ಟ್ರಾನ್ಸ್‌ಫಾರ್ಮರನ್ನು ಎಳೆಯಬೇಕಾಗಿ ನಾದ ಮಂಕಾಗುತ್ತದೆ.

ಈಗಿನ ಸ್ಥಿತಿ

ಡಿಸ್ಟಾರ್ಷನ್ ಒತ್ತಿದಾಗ ಸುಯ್ ಎನ್ನುವ ಸಹಜ ಸದ್ದು, ಆಂಪ್ ಹತ್ತಿರ ಹೋದರೆ ಪಿಕಪ್ ಹಿಡಿಯುವ ಸಣ್ಣ ಗುಂಯ್. ಎರಡನೆಯದಕ್ಕೆ ಗಿಟಾರಿನ ಒಳಗೆ ತಾಮ್ರದ ಹಾಳೆ ಅಂಟಿಸಿದರೆ ಪ್ರಯೋಜನವಿಲ್ಲ, ಅದು ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ಆಂಪ್‌ನಿಂದ ಎರಡು ಮೀಟರ್ ದೂರ ಕೂತರೆ ಕೇಳಿಸದು. ಗುಂಡಿ ಬೆಸೆಯುವ ಕೆಲಸ ಬಾಕಿ.