ಮೆನು ಚೀನೀ ಭಾಷೆಯಲ್ಲಿ, ಫೈಲು ಇಂಗ್ಲಿಷಿನಲ್ಲಿ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಚಿಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಜೀನ್ಸ್ ಹೊಲಿಯುವ ಯೂನಿಟ್‌ಗಳ ಬಿಲ್ಲಿಂಗ್ ಕಂಪ್ಯೂಟರ್, ಪ್ರಿಂಟರ್, ಧೂಳು ಕುಡಿದು ಬಿಸಿಯಾದ ಸಿಪಿಯು, ನನ್ನ ದಿನದ ಕೆಲಸ ಇಷ್ಟೇ. ಗೇಮ್ ರಿಪೇರಿಗೆ ಬರುವವರು ಕಮ್ಮಿ. ಬಂದರೆ ಮಾತ್ರ ಅವರಷ್ಟು ಅವಸರದವರು ಇನ್ಯಾರೂ ಇಲ್ಲ.

ಕಳೆದ ಬೇಸಿಗೆಯಲ್ಲಿ ಹಾಗೆ ಬಂದವನು ಪಿಯುಸಿ ಓದುವ ಒಬ್ಬ ಹುಡುಗ. ಅವನ ಅಪ್ಪ ಸಂಡೂರು ಕಡೆ ಅದಿರು ಲಾರಿ ಓಡಿಸುತ್ತಾರೆ. ಮಗ ಮನೆಯಲ್ಲಿ ಕೂತು ಯೂರೋ ಟ್ರಕ್ ಸಿಮ್ಯುಲೇಟರ್ 2 ಓಡಿಸುತ್ತಾನೆ. ಸಿಪಿಯುವನ್ನು ಸ್ಕೂಟಿಯ ಮುಂದೆ ಇಟ್ಟುಕೊಂಡು ಬಂದಿದ್ದ.

"ಅಣ್ಣಾ, ನಮ್ ತಂಗಿ ಏನೋ ಒತ್ಯಾಳೆ. ಗೇಮ್ ಪೂರಾ ಚೀನಾ ಭಾಷೆ ಆಗೈತೆ. ಏನೂ ಗೊತ್ತಾಗ್ತಿಲ್ಲ."

"ಸೆಟ್ಟಿಂಗ್ಸ್ ಒಳಗೆ ಹೋಗಿ ಚೇಂಜ್ ಮಾಡಬೇಕಿತ್ತಲ್ಲ ತಮ್ಮಾ?"

"ಸೆಟ್ಟಿಂಗ್ಸ್ ಯಾವುದು ಅಂತ ನೀವೇ ತೋರಿಸ್ರಿ ನೋಡೋಣ."

ಆನ್ ಮಾಡಿ ನೋಡಿದೆ. ಅವನು ಹೇಳಿದ್ದು ನಿಜ. ನಾನೂ ಸುಮ್ನೆ ಅಂದಾಜಿನ ಮೇಲೆ ನಾಲ್ಕು ಕಡೆ ಒತ್ತಿದೆ. ಒಂದು ಡಬ್ಬಿ ಎದ್ದು ಬಂತು. ಅದರಲ್ಲಿ ಎರಡು ಬಟನ್. ಯಾವುದು ಹೌದು, ಯಾವುದು ಬೇಡ, ಗೊತ್ತಿಲ್ಲ. ಹುಡುಗ ಹಿಂದಿನಿಂದ ನನ್ನ ಕೈ ಹಿಡಿದುಬಿಟ್ಟ. "ಅಣ್ಣಾ, ಪ್ರೊಫೈಲ್ ಡಿಲೀಟ್ ಆದ್ರೆ ನನ್ನ ಟ್ರಕ್, ಗ್ಯಾರೇಜ್ ಎಲ್ಲಾ ಹೋಗ್ತಾವೆ." ಎಸ್ಕೇಪ್ ಒತ್ತಿ ಹೊರಗೆ ಬಂದೆ. ಓದಲು ಬಾರದ ಮೆನುವಿನಲ್ಲಿ ಅಂದಾಜಿಗೆ ಒತ್ತುವುದನ್ನು ಅಂದಿಗೇ ಬಿಟ್ಟೆ.

ಹೀಗಾದಾಗ ಮೆನುವಿನ ಗೋಜಿಗೇ ಹೋಗಬಾರದು. ಮೆನುವಿನಲ್ಲಿ ನಾವು ಆರಿಸಿದ್ದು ಹೆಚ್ಚಿನ ಗೇಮ್‌ಗಳಲ್ಲಿ ಕೊನೆಗೆ ಒಂದು ಫೈಲಿನಲ್ಲಿ ಬರೆದಿರುತ್ತದೆ. ಮೆನು ಯಾವ ಭಾಷೆಗೆ ತಿರುಗಿದರೂ ಆ ಫೈಲಿನೊಳಗಿನ ಹೆಸರುಗಳು ಇಂಗ್ಲಿಷಿನಲ್ಲೇ ಇರುತ್ತವೆ. ಮೆನು ಇರುವುದು ಆಡುವವನಿಗೆ, ಫೈಲು ಇರುವುದು ಪ್ರೋಗ್ರಾಮಿಗೆ. ಈ ಟ್ರಕ್ ಗೇಮಿನಲ್ಲಿ ಆ ಫೈಲಿನ ಹೆಸರು `config.cfg`. ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ `Euro Truck Simulator 2` ಅಂತ ಒಂದು ಫೋಲ್ಡರ್ ಇರುತ್ತದೆ, ಅದರಲ್ಲೇ ಸಿಗುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದು ಕಂಟ್ರೋಲ್ ಎಫ್ ಒತ್ತಿ `g_language` ಅಂತ ಹುಡುಕಿದರೆ ಈ ಸಾಲು ಬರುತ್ತದೆ:

```
uset g_language "zh_cn"
```

ಇದನ್ನು ಹೀಗೆ ಮಾಡಬೇಕು:

```
uset g_language "en_us"
```

ಕೆಲಸ ಇಷ್ಟೇ. ಎರಡು ನಿಮಿಷದ್ದು. ನನಗೆ ಹಿಡಿದದ್ದು ಮುಕ್ಕಾಲು ಗಂಟೆ. ಅದರಲ್ಲಿ ತಪ್ಪು ಗೇಮಿನದಲ್ಲ, ನನ್ನದೇ.

ಮೊದಲ ಸಲ ನಾನು ಫೋಲ್ಡರ್ ಹುಡುಕುವ ಕಷ್ಟ ಯಾಕೆ ಅಂತ ಇಡೀ ಕಂಪ್ಯೂಟರಿನಲ್ಲಿ `config.cfg` ಅಂತ ಸರ್ಚ್ ಹಾಕಿದೆ. ಒಂದು ಸಿಕ್ಕಿತು. ಪಕ್ಕದಲ್ಲಿ ಟ್ರಕ್ ಗೇಮಿನ ಹೆಸರೂ ಕಂಡಿತು. ಖುಷಿಯಿಂದ ತೆರೆದೆ, ಅಲ್ಲಿ ಮೊದಲೇ ಏನಿತ್ತು ಅಂತ ನೋಡದೆ `en_us` ಬರೆದೆ, ಸೇವ್ ಮಾಡಿದೆ. ಗೇಮ್ ಹಾಕಿದರೆ ಮತ್ತೆ ಚೀನೀ ಭಾಷೆ. ಫೈಲು ತೆರೆದು ನೋಡಿದರೆ ನಾನು ಬರೆದ `en_us` ಹಾಗೇ ಕೂತಿದೆ. ಇನ್ನೊಮ್ಮೆ ಸೇವ್ ಮಾಡಿದೆ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ. ಅದೇ ಕಥೆ.

ಆಮೇಲೆ ನೆನಪಾಯಿತು. ಈ ಕಂಪ್ಯೂಟರಿಗೆ ಎಸ್ಎಸ್‌ಡಿ ಹಾಕಿಕೊಟ್ಟವನು ನಾನೇ. ಹಳೇ ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ ಡಿ ಡ್ರೈವ್ ಆಗಿ ಹಾಗೇ ಬಿಟ್ಟಿದ್ದೆ. ಹಳೇ ವಿಂಡೋಸಿನ ಯೂಸರ್ಸ್ ಫೋಲ್ಡರ್, ಅದರೊಳಗಿನ ಹಳೇ ಡಾಕ್ಯುಮೆಂಟ್ಸ್, ಅದರೊಳಗಿನ ಹಳೇ `config.cfg` ಎಲ್ಲವೂ ಅಲ್ಲಿ ಹಾಗೇ ಮಲಗಿದ್ದವು. ನಾನು ತಿದ್ದುತ್ತಿದ್ದದ್ದು ಅದನ್ನೇ. ಖಾಲಿ ಮಾಡಿದ ಮನೆಯ ಬೀಗ ಬದಲಿಸಿದ ಹಾಗೆ.

ಡಿಸ್ಕ್ ಬದಲಿಸದವರಿಗೂ ಇದೇ ಗೊಂದಲ ಆಗುತ್ತದೆ, ಬೇರೆ ಕಾರಣಕ್ಕೆ. ಒನ್‌ಡ್ರೈವ್ ಬ್ಯಾಕಪ್ ಆನ್ ಆಗಿದ್ದರೆ ಡಾಕ್ಯುಮೆಂಟ್ಸ್ ಫೋಲ್ಡರೇ ಒನ್‌ಡ್ರೈವ್ ಒಳಗೆ ಹೋಗಿ ಕೂತಿರುತ್ತದೆ. ಸಿ ಡ್ರೈವಿನಲ್ಲಿ ಅದೇ ಹೆಸರಿನ ಇನ್ನೊಂದು ಕಂಡರೂ ಕಾಣಬಹುದು. ಯಾವುದು ಅಸಲಿ ಅಂತ ತಿಳಿಯಲು ಫೈಲ್ ಎಕ್ಸ್‌ಪ್ಲೋರರಿನ ಎಡಗಡೆ ಇರುವ ಡಾಕ್ಯುಮೆಂಟ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಅದರಲ್ಲಿ ಲೊಕೇಶನ್ ನೋಡಬೇಕು. ವಿಂಡೋಸ್ ಈಗ ಬಳಸುತ್ತಿರುವ ದಾರಿ ಅಲ್ಲಿ ಬರೆದಿರುತ್ತದೆ.

ಅದಕ್ಕಿಂತಲೂ ನನಗೆ ಜಾಸ್ತಿ ನಂಬಿಕೆ ಇರುವುದು ಗಡಿಯಾರದ ಮೇಲೆ. ಗೇಮ್ ಶುರು ಮಾಡಿ, ಏನೂ ಮಾಡದೆ ಸರಿಯಾಗಿ ಕ್ವಿಟ್ ಮಾಡಿ. ಈ ಗೇಮ್ ಮುಚ್ಚುವಾಗ ತನ್ನ ಸೆಟ್ಟಿಂಗ್ಸನ್ನು `config.cfg` ಒಳಗೆ ಮತ್ತೆ ಬರೆಯುತ್ತದೆ. ಆಮೇಲೆ ಸಿಕ್ಕ ಫೈಲುಗಳಲ್ಲಿ `g_language` ಸಾಲು ಇರುವವುಗಳ ಡೇಟ್ ಮಾಡಿಫೈಡ್ ನೋಡಿ. ಯಾವುದರ ಸಮಯ ಈಗಿನದೋ ಅದೇ ನಿಮ್ಮ ಫೈಲು. ನಾನು ತಿದ್ದುತ್ತಿದ್ದ ಫೈಲಿನ ಮೇಲೆ ನಾನು ಸೇವ್ ಮಾಡಿದ ಸಮಯ ಮಾತ್ರ ಇತ್ತು. ಗೇಮ್ ಅದನ್ನು ಮುಟ್ಟಿರಲೇ ಇಲ್ಲ.

ಸರಿ, ಅಸಲಿ ಫೈಲು ಸಿಕ್ಕಿತು. ತಿದ್ದಿದೆ, ಸೇವ್ ಮಾಡಿದೆ. ಆಗ ಹುಡುಗ ಕೆಳಗಿನ ಪಟ್ಟಿ ತೋರಿಸಿದ, "ಅಣ್ಣಾ, ಗೇಮ್ ಇನ್ನೂ ಓಪನ್ ಐತೆ." ಸಮಯ ನೋಡಲು ಎರಡು ಮೂರು ಸಲ ಹಾಕಿ ತೆಗೆದಿದ್ದೆ, ಕೊನೆಯ ಸಲ ಮುಚ್ಚದೆ ಮಿನಿಮೈಸ್ ಮಾಡಿಬಿಟ್ಟಿದ್ದೆ. ಈಗ ಮುಚ್ಚಿದರೆ ಆಯ್ತು ಅಂತ ಕ್ವಿಟ್ ಮಾಡಿ ಮತ್ತೆ ಹಾಕಿದೆ. ಚೀನೀ ಭಾಷೆ! ಫೈಲು ತೆರೆದರೆ ಈ ಸಲ ನನ್ನ `en_us` ಮಾಯ. `zh_cn` ವಾಪಸ್ ಬಂದು ಕೂತಿದೆ.

ಕಾರಣ ಮೇಲೆ ಹೇಳಿದ್ದೇ. ಗೇಮ್ ಶುರುವಾಗುವಾಗ ಫೈಲನ್ನು ಒಮ್ಮೆ ಓದಿ ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಳ್ಳುತ್ತದೆ. ಮುಚ್ಚುವಾಗ ತಲೆಯಲ್ಲಿದ್ದದ್ದನ್ನು ಫೈಲಿನ ಮೇಲೆ ಬರೆದು ಹೋಗುತ್ತದೆ. ನಡುವೆ ನಾನು ಏನು ಬರೆದೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಈ ಸಲ ಪೂರ್ತಿ ಮುಚ್ಚಿ, ಟಾಸ್ಕ್ ಮ್ಯಾನೇಜರಿನಲ್ಲೂ ಇಲ್ಲ ಅಂತ ನೋಡಿ, ಆಮೇಲೆ ತಿದ್ದಿದೆ. ಇಂಗ್ಲಿಷ್ ಬಂತು. ಹುಡುಗನ ಮುಖ ನೋಡಬೇಕಿತ್ತು.

ಈಗ ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗನಿಗೆ ನಾನು ಹೇಳಿಕೊಟ್ಟಿರುವುದು ಈ ಎರಡು ಗುರುತು. ಬರೆದದ್ದು ಹಾಗೇ ಇದ್ದೂ ಗೇಮ್ ಕೇಳದಿದ್ದರೆ ಫೈಲು ಬೇರೆ ಇದೆ, ಹುಡುಕು. ಬರೆದದ್ದೇ ಅಳಿಸಿಹೋಗಿದ್ದರೆ ಫೈಲು ಸರಿ ಇದೆ, ಗೇಮ್ ಮುಚ್ಚದೆ ತಿದ್ದಿದ್ದೀಯ. ಕೆಲವರು ಎರಡನೆಯದಕ್ಕೆ ಫೈಲನ್ನು ರೀಡ್ ಓನ್ಲಿ ಮಾಡಿಬಿಡಿ ಅನ್ನುತ್ತಾರೆ. ನನಗೆ ಅದು ಇಷ್ಟವಿಲ್ಲ. ಗೇಮ್ ತನ್ನ ಫೈಲಿಗೆ ಬರೆಯಲಾಗದಿದ್ದರೆ ನಾಳೆ ಗ್ರಾಫಿಕ್ಸ್ ಬದಲಿಸಿದರೂ ಅದು ಉಳಿಯುವುದಿಲ್ಲ. ಗಿರಾಕಿ ಮತ್ತೆ ನಮ್ಮ ಬಾಗಿಲಿಗೇ ಬರುತ್ತಾನೆ, ಈ ಸಲ ಸಿಟ್ಟಿನಲ್ಲಿ. ಇಡೀ `config.cfg` ಡಿಲೀಟ್ ಮಾಡುವುದೂ ಅಷ್ಟೇ. ಗೇಮ್ ಹೊಸದನ್ನು ಮಾಡಿಕೊಳ್ಳುತ್ತದೆ ನಿಜ, ಆದರೆ ಅದರಲ್ಲಿದ್ದ ಬೇರೆ ಸೆಟ್ಟಿಂಗ್ಸೂ ಹೋಗುತ್ತವೆ. ಒಂದು ಸಾಲಿಗಾಗಿ ಅಷ್ಟೆಲ್ಲ ಯಾಕೆ? ತಿದ್ದುವ ಮುಂಚೆ ಆ ಫೋಲ್ಡರಿನ ಒಂದು ಕಾಪಿ ಡೆಸ್ಕ್‌ಟಾಪಿನಲ್ಲಿ ಇಟ್ಟರೆ ಸಾಕು.

ಇಷ್ಟು ಕಲಿತ ಮೇಲೆ ನಾನು ಸ್ವಲ್ಪ ಹಮ್ಮಿನಲ್ಲಿದ್ದೆ. ಅದನ್ನು ಇಳಿಸಿದವರು ಹೊಸಪೇಟೆಯಿಂದ ಬಂದ ಇನ್ನೊಬ್ಬರು. ಅವರದು ಸ್ಕೈರಿಮ್ ಅನ್ನುವ ಗೇಮು, ರಷ್ಯನ್ ಭಾಷೆಯಲ್ಲಿ. ಇದರ ಫೈಲು `Documents\My Games\Skyrim` ಒಳಗಿನ `Skyrim.ini`. ಗೇಮ್ ಮುಚ್ಚಿದೆ, ಸರಿಯಾದ ಫೈಲು ಹಿಡಿದೆ, ಭಾಷೆಯ ಸಾಲನ್ನು ಹೀಗೆ ಮಾಡಿದೆ:

```
[General]
sLanguage=ENGLISH
```

ಗೇಮ್ ಹಾಕಿದರೆ ರಷ್ಯನ್ ಹೋಗಿತ್ತು. ಇಂಗ್ಲಿಷ್ ಮಾತ್ರ ಬಂದಿರಲಿಲ್ಲ. ಮೆನುವಿನ ಒಂದೊಂದು ಸಾಲಿನ ಮುಂದೆಯೂ ಡಾಲರ್ ಚಿಹ್ನೆ, ಅದರ ಹಿಂದೆ ದೊಡ್ಡಕ್ಷರದ ಒಂದು ಪದ. "ಏನ್ ಸಾರ್, ಈಗ ಡಾಲರ್ ಕೇಳ್ತಾ ಇದೆ?" ಅಂದರು ಅವರು.

ಆ ಡಾಲರ್ ಪದಗಳು ಮೆನುವಿನ ಒಳಹೆಸರುಗಳು. ಗೇಮ್ ಒಳಹೆಸರನ್ನು ತೆಗೆದುಕೊಂಡು ಆ ಭಾಷೆಯ ಪದಗಳ ಫೈಲಿನಲ್ಲಿ ಅದಕ್ಕೆ ಜೋಡಿ ಹುಡುಕುತ್ತದೆ. ಜೋಡಿ ಸಿಗದಿದ್ದರೆ ಒಳಹೆಸರನ್ನೇ ತೋರಿಸುತ್ತದೆ. ಅಂದರೆ ನಮ್ಮ ಸಾಲು ಸರಿಯಾಗಿಯೇ ಕೆಲಸ ಮಾಡಿತ್ತು, ಇಂಗ್ಲಿಷ್ ಪದಗಳೇ ಡಿಸ್ಕಿನಲ್ಲಿ ಇರಲಿಲ್ಲ. ಟ್ರಕ್ ಗೇಮಿನಲ್ಲಿ ಎಲ್ಲ ಭಾಷೆಗಳ ಪದಗಳೂ `locale.scs` ಅನ್ನುವ ಒಂದೇ ಗಂಟಿನಲ್ಲಿ ಬರುತ್ತವೆ, ಹಾಗಾಗಿ ಸಾಲು ಬದಲಿಸಿದ ಕೂಡಲೇ ಬದಲಾಯಿತು. ಸ್ಕೈರಿಮಿನಲ್ಲಿ, ಗೇಮ್ ಕೊಂಡು ಇಳಿಸಿಕೊಳ್ಳುವ ಸ್ಟೀಮ್ ಅನ್ನುವ ಪ್ರೋಗ್ರಾಮು ನಾವು ಆರಿಸಿದ ಭಾಷೆಯದನ್ನಷ್ಟೇ ಇಳಿಸುತ್ತದೆ. ಅಂಥ ಕಡೆ ಫೈಲು ತಿದ್ದಿ ಪ್ರಯೋಜನವಿಲ್ಲ. ಸ್ಟೀಮಿನ ಲೈಬ್ರರಿಯಲ್ಲಿ ಗೇಮಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ಭಾಷೆ ಇಂಗ್ಲಿಷ್ ಮಾಡಿ ಡೌನ್‌ಲೋಡ್ ಮುಗಿಯುವ ತನಕ ಕಾಯಬೇಕು. ಕಾದೆವು. ನನ್ನ ಅಂಗಡಿಯ ನೆಟ್ಟಿನ ವೇಗಕ್ಕೆ ಎರಡು ಸುತ್ತು ಚಹಾ, ಒಂದು ಪ್ಲೇಟು ಮಂಡಕ್ಕಿ ಮಿರ್ಚಿ ಆಯಿತು. ಆಮೇಲೂ ಒಂದು ಪರದೆಯಲ್ಲಿ ಡಾಲರ್ ಉಳಿದಿತ್ತು. ಅದು ಅವರು ಹಾಕಿಕೊಂಡಿದ್ದ ಒಂದು ರಷ್ಯನ್ ಮಾಡ್‌ನದು, ಅಂದರೆ ಗೇಮಿಗೆ ಬೇರೆಯವರು ಮಾಡಿಕೊಟ್ಟ ಸೇರ್ಪಡೆಯದು. ಆ ಮಾಡ್ ಮಾಡಿದವರು ಇಂಗ್ಲಿಷ್ ಪದಗಳನ್ನು ಕೊಟ್ಟೇ ಇರಲಿಲ್ಲ.

ಎರಡೂ ಗೇಮ್‌ಗಳ ಸಾಲನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ `en_us`, ಇನ್ನೊಂದರಲ್ಲಿ `ENGLISH`. ಒಂದು ಗೇಮಿನಲ್ಲಿ ಕಲಿತದ್ದನ್ನು ಇನ್ನೊಂದರಲ್ಲಿ ಬರೆಯಬಾರದು. ಅಲ್ಲಿ ಮೊದಲೇ ಏನಿದೆಯೋ ಅದರ ರೂಪ ನೋಡಿ ಅದೇ ಅಚ್ಚಿನಲ್ಲಿ ಬರೆಯಬೇಕು. `zh_cn` ಇದ್ದ ಕಡೆ ಎರಡಕ್ಷರ, ಕೆಳಗೀಟು, ಮತ್ತೆರಡಕ್ಷರ.

ಟ್ರಕ್ ಹುಡುಗ ಒಂದು ವಾರದ ಮೇಲೆ ತಂಗಿಯನ್ನೂ ಕರೆದುಕೊಂಡು ಬಂದ, ಮೌಸ್ ಕೊಳ್ಳಲು. ಚೀನೀ ಭಾಷೆ ಮಾಡಿದ್ದವಳು ಇವಳೇ. ಆರನೇ ಕ್ಲಾಸು. "ಅಂಕಲ್, ಕನ್ನಡ ಮಾಡಕ್ಕೆ ಬರುತ್ತಾ?" ಅಂತ ಕೇಳಿದಳು. ಟ್ರಕ್ ಗೇಮಿನಲ್ಲಿ ಕನ್ನಡ ಇಲ್ಲ. ಅವಳು ಆಡುವ ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿಯಲ್ಲಿ ಇದೆ. ವಿಂಡೋಸ್ ಸರ್ಚಿನಲ್ಲಿ `%appdata%\.minecraft` ಅಂತ ಹಾಕಿದರೆ ಫೋಲ್ಡರ್ ತೆರೆಯುತ್ತದೆ, ಅದರಲ್ಲಿ `options.txt`, ಅದರಲ್ಲಿ ಈ ಸಾಲು:

```
lang:kn_in
```

ಎಲ್ಲಾ ಸಣ್ಣಕ್ಷರ. ಗೇಮ್ ಮುಚ್ಚಿರಬೇಕು ಅನ್ನುವುದು ಇಲ್ಲೂ ಅಷ್ಟೇ. ಅನುವಾದ ಆಗದೆ ಉಳಿದ ಪದಗಳು ಇಂಗ್ಲಿಷಿನಲ್ಲೇ ಕಾಣುತ್ತವೆ. ಇದನ್ನು ಒಂದು ಹಳೇ ಬಿಲ್ಲಿನ ಹಿಂದೆ ಬರೆದುಕೊಟ್ಟೆ. ಹುಡುಗಿ ಅದನ್ನು ನಾಲ್ಕು ಮಡಿಕೆ ಮಾಡಿ ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಳು. ಅಣ್ಣ ಮಾತ್ರ ನನ್ನ ಕಡೆ ತಿರುಗಿ ಮೆಲ್ಲಗೆ, "ಆ `config.cfg` ವಿಷಯ ಇವಳಿಗೆ ಹೇಳಬ್ಯಾಡ್ರಿ ಅಣ್ಣಾ" ಅಂದ.