ಸೆಟಲ್‌ಮೆಂಟ್‌ನಲ್ಲಿ ಕಡಿತವಾದ ಹತ್ತು ರೂಪಾಯಿ

"ಈ ರೊಕ್ಕ ಎಲ್ಲಿ ಹೊಂಟೈತ್ರಿ ಸರ?"

ಆನ್‌ಲೈನ್‌ನಲ್ಲಿ ಇಳಕಲ್ ಸೀರೆ ಮಾರುವ ಅಕ್ಕನೊಬ್ಬರು ಈ ವಾರ ಮಾರಾಟ ವೇದಿಕೆಯವರು ಕಳಿಸಿದ ಪಾವತಿ ಲೆಕ್ಕದ ಸೆಟಲ್‌ಮೆಂಟ್ ಶೀಟನ್ನು ಮುಂದಿಟ್ಟು ಹೀಗೆ ಕೇಳಿದರು. ಅವರ ಬೆರಳು `TCS-IGST` ಎಂಬ ಸಾಲಿನ ಮೇಲಿತ್ತು. ಅದರ ಎದುರಿಗಿದ್ದದ್ದು `-10.00`. ಲೆಕ್ಕ ಬರೆಯುವ ಹುಡುಗ ಈ ಹತ್ತನ್ನು ಪ್ರತಿ ಸಲವೂ ಕಮಿಷನ್ ಖರ್ಚಿಗೆ ಸೇರಿಸುತ್ತ ಬಂದಿದ್ದ. ಹುಡುಗ ಚುರುಕು, ಆದರೆ ಮೈನಸ್ ಕಂಡದ್ದೆಲ್ಲ ಖರ್ಚು ಎಂದುಕೊಂಡರೆ ಹೇಗೆ? ಅಕ್ಕನಿಗೆ ಲೆಕ್ಕಪತ್ರ ಬಾರದಿದ್ದರೂ ಕೇಳಬೇಕಾದದ್ದನ್ನೇ ಕೇಳಿದ್ದರು.

ಸೀರೆಯ ಬೆಲೆ 2,100 ರೂಪಾಯಿ. ಅದರಲ್ಲಿ ಶೇ. 5ರ ಜಿಎಸ್‌ಟಿ 100 ರೂಪಾಯಿ ಹೋದರೆ ತೆರಿಗೆಗೆ ಒಳಪಡುವ ಮೌಲ್ಯ 2,000. ಮಾರಾಟ ವೇದಿಕೆಯವರು ಜಿಎಸ್‌ಟಿ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಈ 2,000ದ ಮೇಲೆ ಶೇ. 0.5 ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಹಿಡಿಯುತ್ತಾರೆ. 2024ರ ಜುಲೈ 10ಕ್ಕೆ ಮುಂಚೆ ಇದು ಶೇ. 1 ಇತ್ತು. ಸೀರೆ ಹೊರರಾಜ್ಯದ ಪುಣೆಗೆ ಹೋದರೆ ಹತ್ತೂ ರೂಪಾಯಿ ಐಜಿಎಸ್‌ಟಿ. ರಾಜ್ಯದೊಳಗೇ ಬೆಂಗಳೂರಿಗೆ ಹೋದರೆ `TCS-CGST` ಐದು, `TCS-SGST` ಐದು ಎಂದು ಎರಡು ಸಾಲು ಬರುತ್ತದೆ.

ಅದೇ ಶೀಟಿನಲ್ಲಿ ಇನ್ನೆರಡು ಕಡಿತಗಳಿರುತ್ತವೆ, ಗೊಂದಲ ಶುರುವಾಗುವುದೇ ಅಲ್ಲಿ. ಕಮಿಷನ್ ಮೇಲೆ ಹಾಕುವ ಶೇ. 18 ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆಯಾಗಿ, ಅಂದರೆ ಮಾರಾಟದ ತೆರಿಗೆಗೆ ಹೊಂದಿಸಿಕೊಳ್ಳುವ ಮೊತ್ತವಾಗಿ, ಕ್ರೆಡಿಟ್ ಲೆಜರಿಗೆ ಬರುತ್ತದೆ. ಶೇ. 0.1ರ ಟಿಡಿಎಸ್ ಆದಾಯ ತೆರಿಗೆಯದ್ದು, ಅದನ್ನು ಆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬೇಕು. ಟಿಸಿಎಸ್ ಮಾತ್ರ ಜಿಎಸ್‌ಟಿಯ ಕ್ಯಾಶ್ ಲೆಜರಿಗೆ ಸೇರುವ ನಗದು. ಪುಸ್ತಕದಲ್ಲಿ ಅದನ್ನು ಖರ್ಚು ಎಂದಲ್ಲ, ಬರಬೇಕಾದ ಹಣ ಎಂದು ಬರೆಯಬೇಕು.

ಆದರೆ ಅದು ತಾನಾಗಿ ಬರುವುದಿಲ್ಲ. ವೇದಿಕೆಯವರು ಮುಂದಿನ ತಿಂಗಳ 10ರೊಳಗೆ ಹಿಡಿದ ಟಿಸಿಎಸ್‌ನ ರಿಟರ್ನ್ ಆದ ಜಿಎಸ್‌ಟಿಆರ್-8 ಸಲ್ಲಿಸುತ್ತಾರೆ. ಆಮೇಲೆ ಮಾರುವವರು ಪೋರ್ಟಲ್‌ನ ರಿಟರ್ನ್ಸ್ ಡ್ಯಾಶ್‌ಬೋರ್ಡ್‌ನಲ್ಲಿ ಆ ತಿಂಗಳನ್ನು ಆರಿಸಿ, `TDS and TCS credit received` ತೆರೆದು, ಪ್ರತಿ ಸಾಲಿಗೂ `Accept` ಕೊಟ್ಟು, ಫೈಲ್ ಮಾಡಿದರಷ್ಟೇ ದುಡ್ಡು ಲೆಜರಿಗೆ ಇಳಿಯುತ್ತದೆ. ಅಕ್ಕನ ಖಾತೆಯಲ್ಲಿ ಹಲವು ತಿಂಗಳ ಸಾಲುಗಳು ಹಾಗೇ ಕಾಯುತ್ತಿದ್ದವು. "ಎಲ್ಲಿ ಹೊಂಟೈತ್ರಿ" ಎಂದರೆ ಎಲ್ಲಿಗೂ ಹೋಗಿರಲಿಲ್ಲ, ಅವರ ಹೆಸರಿನಲ್ಲೇ ನಿಂತಿತ್ತು. ಇಷ್ಟು ದಿನ ರಿಟರ್ನ್ ಸಲ್ಲಿಸಿಕೊಟ್ಟು ಫೀಸು ಪಡೆದವರು ಈ ಪುಟವನ್ನು ಒಮ್ಮೆಯೂ ತೆರೆದಿಲ್ಲವೆಂಬುದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ಸಣ್ಣ ಮೊತ್ತ ಎಂಬುದು ನೆಪವಾಗಬಾರದು, ಅದು ಅವರ ದುಡ್ಡು.

ಹುಡುಗ ಸೆಪ್ಟೆಂಬರಿನ ಸಾಲಿಗೆ ಬಂದು ತಡೆದ. ಪೋರ್ಟಲ್‌ನಲ್ಲಿ 500, ಅವನ ಲೆಕ್ಕದಲ್ಲಿ 560. `Reject` ಒತ್ತಲು ಹೊರಟಿದ್ದ. ಹಾಗೆ ಮಾಡಿದರೆ ಸಾಲು ವೇದಿಕೆಯವರಿಗೆ ವಾಪಸ್ ಹೋಗಿ, ಅವರು ಮುಂದಿನ ಜಿಎಸ್‌ಟಿಆರ್-8ರಲ್ಲಿ ತಿದ್ದುವವರೆಗೂ ಹಣ ಸಿಗುವುದಿಲ್ಲ. ಮೊದಲು ವ್ಯತ್ಯಾಸ ಎಲ್ಲಿಂದ ಬಂತೆಂದು ನೋಡಬೇಕು. ಅವನು ಸೆಪ್ಟೆಂಬರಿನಲ್ಲಿ ಬ್ಯಾಂಕಿಗೆ ಬಿದ್ದ ಸೆಟಲ್‌ಮೆಂಟ್‌ಗಳನ್ನು ಕೂಡಿಸಿದ್ದ. ಅದರಲ್ಲಿ ಆಗಸ್ಟ್ ಕೊನೆಯ ಮಾರಾಟವೂ ಸೇರಿತ್ತು, ಸೆಪ್ಟೆಂಬರ್ ಕೊನೆಯದು ಅಕ್ಟೋಬರಿನ ಪಾವತಿಗೆ ಹೋಗಿತ್ತು. ಬ್ಯಾಂಕ್ ತಾರೀಖು ಬಿಟ್ಟು, ಪ್ರತಿ ಆರ್ಡರಿನ ವಿವರವಿರುವ ರಿಪೋರ್ಟನ್ನು ಇನ್‌ವಾಯ್ಸ್ ತಿಂಗಳಿನಂತೆ ವಿಂಗಡಿಸಿದಾಗ 60 ಸೀರೆ ಮಾರಿ, ಅದೇ ತಿಂಗಳು 10 ವಾಪಸ್ ಬಂದದ್ದು ಕಂಡಿತು. 1,20,000ದಲ್ಲಿ 20,000 ಕಳೆದು ಉಳಿದ ಒಂದು ಲಕ್ಷಕ್ಕೆ 500. ಪೋರ್ಟಲ್ ಸರಿಯಾಗಿಯೇ ಇತ್ತು.

ಸೆಪ್ಟೆಂಬರಿನಲ್ಲಿ ಮಾರಿದ ಸೀರೆ ಅಕ್ಟೋಬರಿನಲ್ಲಿ ವಾಪಸ್ ಬಂದರೆ ಸೆಪ್ಟೆಂಬರನ್ನು ಯಾರೂ ತಿದ್ದುವುದಿಲ್ಲ, ಅಕ್ಟೋಬರಿನ ನಿವ್ವಳ ಕಡಿಮೆಯಾಗುತ್ತದೆ. ಸೆಟಲ್‌ಮೆಂಟ್‌ನಲ್ಲಿ ಅದೇ ಹತ್ತು ಪ್ಲಸ್ ಆಗಿ ಕಾಣುತ್ತದೆ. ತಿಂಗಳೊಂದರಲ್ಲಿ ಮಾರಾಟಕ್ಕಿಂತ ವಾಪಸಾತಿಯೇ ಹೆಚ್ಚಾದರೆ ಜಿಎಸ್‌ಟಿಆರ್-8ರಲ್ಲಿ ಮೈನಸ್ ಮೊತ್ತ ತೋರಿಸಲಾಗದು, ಅದು ಮುಂದಿನ ತಿಂಗಳಿಗೂ ಹೋಗುವುದಿಲ್ಲ. ಹಬ್ಬದ ಮಾರಾಟ ಮುಗಿದ ಮರು ತಿಂಗಳು ಶೀಟೂ ಪೋರ್ಟಲ್ಲೂ ತಾಳೆಯಾಗದಿದ್ದರೆ ಮೊದಲು ಇದನ್ನೇ ನೋಡಿ.

ಅಕ್ಕ ಮತ್ತೆ ಕೇಳಿದರು, "ಹಂಗಾರ ಈಗ ಈ ರೊಕ್ಕ ನನ್ನ ಕೈಗೆ ಬರ್ತೈತೇನ್ರಿ?" ತೆರಿಗೆ ಕಟ್ಟುವ ರಿಟರ್ನ್ ಆದ ಜಿಎಸ್‌ಟಿಆರ್-3ಬಿಯಲ್ಲಿ ನಗದಾಗಿ ಕಟ್ಟಬೇಕಾದ ತೆರಿಗೆ, ಬಡ್ಡಿ, ತಡದ ಶುಲ್ಕಕ್ಕೆ ಬಳಸಬಹುದು. ಹಣ ಐಜಿಎಸ್‌ಟಿ ಖಾನೆಯಲ್ಲಿದ್ದು ಬೇಕಾದದ್ದು ಬೇರೆ ಖಾನೆಯಲ್ಲಾದರೆ ಪಿಎಂಟಿ-09 ಎಂಬ ಫಾರಂ ಮೂಲಕ ಬದಲಿಸಿಕೊಳ್ಳಬಹುದು. ಅವರ ತೆರಿಗೆಯೆಲ್ಲ ಹೂಡುವಳಿ ಜಮೆಯಲ್ಲೇ ತೀರುತ್ತಿದೆ, ಹಾಗಾಗಿ ಈ ನಗದು ಸುಮ್ಮನೆ ಕೂರುತ್ತದೆ. ಅಂಥವರು ಮರುಪಾವತಿ ಫಾರಂ ಆದ ಆರ್‌ಎಫ್‌ಡಿ-01ರಲ್ಲಿ ಕ್ಯಾಶ್ ಲೆಜರಿನ ಹೆಚ್ಚುವರಿ ಮೊತ್ತಕ್ಕೆ ಅರ್ಜಿ ಹಾಕಿದರೆ ಬ್ಯಾಂಕ್ ಖಾತೆಗೇ ಬರುತ್ತದೆ. ಕಾಯುತ್ತಿದ್ದ ಸಾಲುಗಳನ್ನೆಲ್ಲ ಒಪ್ಪಿ ಫೈಲ್ ಮಾಡಿದ ಮೇಲೆ ಅವರು ಆ ಅರ್ಜಿಯನ್ನೇ ಹಾಕಿದರು.