ಮೊತ್ತ ಸರಿ, ಶೀರ್ಷಿಕೆ ತಪ್ಪು: ಶಾಲಾ ಅನುದಾನದ ಬಳಕೆ ವರದಿಯಲ್ಲಿ ಎಡವಿದ್ದು

ನಮ್ಮದು ನೂರ ನಲವತ್ತು ಮಕ್ಕಳ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಸಮಗ್ರ ಶಿಕ್ಷಣದ ಸಂಯುಕ್ತ ಶಾಲಾ ಅನುದಾನ 101ರಿಂದ 250 ಮಕ್ಕಳಿರುವ ಶಾಲೆಗೆ 50,000 ರೂಪಾಯಿಯವರೆಗೆ ದೊರೆಯುತ್ತದೆ. ಅದರಲ್ಲಿ ಕನಿಷ್ಠ ಶೇ. 10ರಷ್ಟು ಸ್ವಚ್ಛತೆಗೆ ಹೋಗಬೇಕು. ಹಾಗಾಗಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಸಭೆಯಲ್ಲಿ ನಾವು ಸ್ವಚ್ಛತೆಗೆ 5,000, ಸಣ್ಣ ದುರಸ್ತಿಗೆ 18,000 ಮತ್ತು ವಿದ್ಯುತ್ ಬಿಲ್ಲು, ಕಲಿಕಾ ಸಾಮಗ್ರಿ, ಲೇಖನ ಸಾಮಗ್ರಿಗಳಿಗೆ ಉಳಿದ 27,000 ಎಂದು ನಡಾವಳಿ ಬರೆದಿದ್ದೆವು.

ಮಾರ್ಚ್ ಕೊನೆಗೆ ವರದಿ ಸಿದ್ಧಪಡಿಸುವಾಗ ಒಟ್ಟು ಖರ್ಚು 49,360, ಉಳಿಕೆ 640 ಎಂದು ನಗದು ಪುಸ್ತಕದಲ್ಲಿತ್ತು. ಮೊತ್ತ ಕೂಡಿಬಂದಿದ್ದರಿಂದ ನಾನು ನಿಶ್ಚಿಂತನಾದೆ. ತಪ್ಪು ಅಲ್ಲೇ ಇತ್ತು. ಖರ್ಚಿನ ಶೀರ್ಷಿಕೆವಾರು ನೋಡಿದಾಗ ದುರಸ್ತಿಗೆ 20,150 ಆಗಿ ಮಂಜೂರಾತಿಯನ್ನು ಮೀರಿತ್ತು, ಸ್ವಚ್ಛತೆಗೆ 2,850 ಮಾತ್ರ ಆಗಿತ್ತು.

ಕಾರಣ ಒಂದೇ ಹಾರ್ಡ್‌ವೇರ್ ಅಂಗಡಿಯ ಬಿಲ್ಲು. ಸಿಮೆಂಟು, ಬಣ್ಣ, ಬಾಗಿಲ ಕೀಲುಗಳ ಜೊತೆ ಶೌಚಾಲಯದ ಫ್ಲಶ್ ಟ್ಯಾಂಕ್, ನಲ್ಲಿ, ಪೈಪುಗಳೂ ಅದರಲ್ಲಿದ್ದವು. ಓಚರ್ ಬರೆಯುವಾಗ ಆತುರದಲ್ಲಿ ಇಡೀ 6,400 ರೂಪಾಯಿಯನ್ನು ದುರಸ್ತಿ ಎಂದು ನಮೂದಿಸಿದ್ದೆ. ಬಿಲ್ಲಿನಲ್ಲಿ ವಸ್ತುವಾರು ಬೆಲೆ ಇದ್ದರೂ ಪೈಪು ಎಲ್ಲಿಗೆ ಹೋಯಿತೆಂದು ಅದು ಹೇಳುವುದಿಲ್ಲ. ಅದನ್ನು ಹೇಳಿದ್ದು ದಾಸ್ತಾನು ವಹಿ: ವಸ್ತುಗಳನ್ನು ವಿತರಿಸಿದ ಕಾಲಂನಲ್ಲಿ ಸಹಶಿಕ್ಷಕರು 'ಬಾಲಕಿಯರ ಶೌಚಾಲಯಕ್ಕೆ ಅಳವಡಿಸಿದೆ' ಎಂದು ದಿನಾಂಕ ಸಹಿತ ಬರೆದಿದ್ದರು. ಆ ವಸ್ತುಗಳ ಬೆಲೆ 2,300 ರೂಪಾಯಿ.

ಹಳೆಯ ನಮೂದನ್ನು ಅಳಿಸಿ ತಿದ್ದಲು ಮನಸ್ಸಾಯಿತು, ಸುಳ್ಳೇಕೆ ಹೇಳಲಿ. ಆದರೆ ಮಾಡಲಿಲ್ಲ. ಎಸ್‌ಡಿಎಂಸಿ ಸಭೆಯ ಮುಂದೆ ಬಿಲ್ಲನ್ನೂ ದಾಸ್ತಾನು ವಹಿಯ ಪುಟವನ್ನೂ ಇಟ್ಟು, 2,300 ರೂಪಾಯಿಯನ್ನು ಸ್ವಚ್ಛತೆಗೆ ವರ್ಗಾಯಿಸಲು ನಡಾವಳಿ ಬರೆಸಿ, ತಪ್ಪು ತಿಳಿದ ದಿನದ ದಿನಾಂಕದಲ್ಲೇ ನಗದು ಪುಸ್ತಕದಲ್ಲಿ ಹೊಂದಾಣಿಕೆ ನಮೂದು ಮಾಡಿದೆ. ದುರಸ್ತಿ 17,850, ಸ್ವಚ್ಛತೆ 5,150 ಆಯಿತು. ಪ್ಲಂಬರ್ ಕೂಲಿ 1,500 ರೂಪಾಯಿಯಲ್ಲಿಯೂ ಒಂದು ಪಾಲು ಶೌಚಾಲಯದ್ದೇ, ಆದರೆ ರಶೀದಿಯಲ್ಲಿ 'ನಲ್ಲಿ ಕೆಲಸ' ಎಂದಷ್ಟೇ ಇದ್ದುದರಿಂದ ಅದನ್ನು ದುರಸ್ತಿಯಲ್ಲೇ ಬಿಟ್ಟೆ. ದಾಖಲೆ ಹೇಳದ್ದನ್ನು ವರದಿ ಹೇಳುವಂತಿಲ್ಲ.

ಆ ಕೂಲಿಯ ಚೆಕ್ ಇನ್ನೂ ನಗದಾಗಿರಲಿಲ್ಲವಾದ್ದರಿಂದ ಪಾಸ್‌ಬುಕ್‌ನಲ್ಲಿ 640ರ ಬದಲು 2,140 ಕಾಣುತ್ತಿತ್ತು. ಚೆಕ್ ಸಂಖ್ಯೆ, ದಿನಾಂಕಗಳೊಂದಿಗೆ ಈ ವ್ಯತ್ಯಾಸದ ತಾಳೆಪಟ್ಟಿಯನ್ನು ವರದಿಗೆ ಲಗತ್ತಿಸಿದೆ. ಪರಿಶೀಲನೆಗೆ ಬಂದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ ಮೊದಲು ಕೇಳಿದ್ದೇ ಆ 1,500 ರೂಪಾಯಿಯ ಬಗ್ಗೆ. ಈಗ ಅಂಗಡಿಯವರಿಗೆ ಶೌಚಾಲಯದ ಸಾಮಾನಿಗೆ ಬೇರೆಯೇ ಬಿಲ್ಲು ಕೊಡಿ ಎನ್ನುತ್ತೇನೆ, ಓಚರಿನ ಮೂಲೆಯಲ್ಲಿ ಶೀರ್ಷಿಕೆಯನ್ನೂ ದಾಸ್ತಾನು ವಹಿಯ ಪುಟ ಸಂಖ್ಯೆಯನ್ನೂ ಹಣ ಕೊಡುವ ದಿನವೇ ಬರೆಯುತ್ತೇನೆ.